ಪರದೆಯ ಬಿಳಿ, ಕಾಗದದ ಬಿಳಿ: ಸಾಫ್ಟ್ ಪ್ರೂಫಿಂಗ್‌ಗೆ ಮಾನಿಟರ್ ಸಜ್ಜುಗೊಳಿಸುವುದು ಹೇಗೆ?

ಪರದೆಯಲ್ಲಿ ಕಣ್ತುಂಬುವಂತಿದ್ದ ಫೋಟೊ ಪ್ರಿಂಟ್ ಆಗಿ ಕೈಗೆ ಬಂದಾಗ ಕಪ್ಪುಗಟ್ಟಿದಂತೆ ಕಾಣುತ್ತದೆ. ಪ್ರಿಂಟ್ ಹಾಕಲು ಹೊರಟವರೆಲ್ಲರ ಮೊದಲ ದೂರು ಇದು. ತಪ್ಪು ಪ್ರಿಂಟರಿನದೋ ಲ್ಯಾಬಿನದೋ ಎಂದುಕೊಂಡು ಮುಂದಿನ ಸಲ ಫೈಲನ್ನೇ ಒಂದಿಷ್ಟು ಬೆಳ್ಳಗೆ ಮಾಡಿ ಕಳಿಸುತ್ತಾರೆ. ಆಗ ಮುಖ ಸರಿಹೋದರೆ ಆಕಾಶ ಬಿಳುಚಿಕೊಳ್ಳುತ್ತದೆ. ಹೆಚ್ಚಿನ ಸಲ ಎಡವಟ್ಟು ಇರುವುದು ಮಾನಿಟರಿನಲ್ಲಿ. ಅಂಗಡಿಯಿಂದ ತಂದ ಮಾನಿಟರ್ ಸಾಮಾನ್ಯವಾಗಿ 250ರಿಂದ 350 ನಿಟ್ ಪ್ರಖರತೆಯಲ್ಲಿ ಉರಿಯುತ್ತಿರುತ್ತದೆ. ಮನೆಯ ಬೆಳಕಿನಲ್ಲಿ ಹಿಡಿದ ಬಿಳಿ ಕಾಗದ 100 ನಿಟ್ ಮುಟ್ಟುವುದೂ ಕಷ್ಟ. (ನಿಟ್ ಎಂದರೆ ಒಂದು ಮೇಲ್ಮೈಯಿಂದ ಕಣ್ಣಿಗೆ ಬರುವ ಬೆಳಕಿನ ಅಳತೆ. ಕ್ಯಾಲಿಬ್ರೇಷನ್ ಸಾಫ್ಟ್‌ವೇರ್‌ಗಳಲ್ಲಿ ಇದೇ cd/m² ಎಂದು ಕಾಣಿಸುತ್ತದೆ.)

ಪ್ರಿಂಟ್ ಹೇಗೆ ಬರುತ್ತದೆ ಎಂಬುದನ್ನು ಕಾಗದ, ಶಾಯಿ ಖರ್ಚಾಗುವ ಮೊದಲೇ ಪರದೆಯಲ್ಲಿ ನೋಡಿಕೊಳ್ಳುವುದಕ್ಕೆ ಸಾಫ್ಟ್ ಪ್ರೂಫಿಂಗ್ ಎನ್ನುತ್ತಾರೆ. ಫೋಟೋಶಾಪ್, ಲೈಟ್‌ರೂಮ್, ಉಚಿತವಾಗಿ ಸಿಗುವ ಗಿಂಪ್, ಎಲ್ಲದರಲ್ಲೂ ಈ ಸೌಲಭ್ಯ ಇದೆ. ಆದರೆ ಪರದೆಯ ಬಿಳಿ ಕಾಗದದ ಬಿಳಿಗೆ ಹೊಂದಿರದಿದ್ದರೆ ಆ ಗುಂಡಿ ಒತ್ತಿ ಏನೂ ಉಪಯೋಗವಿಲ್ಲ. ಹಾಗಾಗಿ ಮೊದಲ ಕೆಲಸ ಆ ಬಿಳಿಯದು.

## ಕಾಗದದ ಬಿಳಿ ಎಷ್ಟು ನಿಟ್?

ಮಾನಿಟರಿಗೆ ತನ್ನದೇ ಬೆಳಕಿದೆ. ಕಾಗದಕ್ಕೆ ಇಲ್ಲ, ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಅದು ಹಿಂದಕ್ಕೆ ಕಳಿಸುತ್ತದೆ, ಅಷ್ಟೆ. ಆದ್ದರಿಂದ "ಮಾನಿಟರನ್ನು ಎಷ್ಟು ನಿಟ್‌ಗೆ ಇಡಬೇಕು" ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಪ್ರಿಂಟನ್ನು ಎಲ್ಲಿಟ್ಟು ನೋಡುತ್ತೀರಿ, ಅಲ್ಲಿ ಬೆಳಕು ಎಷ್ಟಿದೆ ಎನ್ನುವುದೇ ಉತ್ತರವನ್ನು ತೀರ್ಮಾನಿಸುತ್ತದೆ. ಲೆಕ್ಕ ಸರಳ:

```
ಕಾಗದದ ನಿಟ್ = ಕಾಗದದ ಮೇಲೆ ಬೀಳುವ ಲಕ್ಸ್ × ಪ್ರತಿಫಲನ ÷ 3.14
```

ಮೇಜಿನ ಮೇಲೆ 350 ಲಕ್ಸ್ ಬೆಳಕು ಬೀಳುತ್ತಿದೆ, ಕಾಗದ ಅದರಲ್ಲಿ ಶೇ 90ರಷ್ಟನ್ನು ಪ್ರತಿಫಲಿಸುತ್ತದೆ ಎಂದಿಟ್ಟುಕೊಳ್ಳಿ. 350 × 0.9 ÷ 3.14 ಎಂದರೆ ಸುಮಾರು 100 ನಿಟ್. ಬೆಳಕು 500 ಲಕ್ಸ್ ಆದರೆ ಅದೇ ಕಾಗದ 143 ನಿಟ್ ಆಗುತ್ತದೆ. ಮುದ್ರಣವನ್ನು ನೋಡುವ ಬೆಳಕಿನ ಬಗ್ಗೆ ಇರುವ ಐಎಸ್‌ಒ 3664 ಮಾನದಂಡ ಸಾಮಾನ್ಯ ಪರಿಶೀಲನೆಗೆ 500 ಲಕ್ಸ್ ಮತ್ತು ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್ ಎನ್ನುತ್ತದೆ. 2000 ಲಕ್ಸ್‌ನಲ್ಲಿ ಕಾಗದ 570 ನಿಟ್ ದಾಟುತ್ತದೆ. ಮಾಮೂಲಿ ಮಾನಿಟರ್ ಅದರ ಹತ್ತಿರವೂ ಬರುವುದಿಲ್ಲ. ಆದ್ದರಿಂದ ಪರದೆಯ ಪಕ್ಕದಲ್ಲಿಟ್ಟು ಹೋಲಿಸುವವರಿಗೆ 350ರಿಂದ 500 ಲಕ್ಸ್ ಸಾಕು.

ಲಕ್ಸ್ ಅಳೆಯಲು, ಪರದೆಯ ಬೆಳಕು ಮತ್ತು ಬಣ್ಣವನ್ನು ಅಳೆಯುವ ಹಲವು ಕಲರಿಮೀಟರುಗಳಲ್ಲೇ ಮಬ್ಬು ಮುಚ್ಚಳ ಇರುತ್ತದೆ. ಉಪಕರಣ ಇಲ್ಲದವರಿಗೆ ಕ್ಯಾಮೆರಾ ಇದ್ದರೂ ನಡೆಯುತ್ತದೆ. ಮೊಬೈಲಿನ ಲಕ್ಸ್ ಆ್ಯಪ್‌ಗಳಿಗಿಂತ ಇದೇ ನಂಬಿಕೆಗೆ ಅರ್ಹ. ಐಎಸ್‌ಒ 100, ಎಫ್/5.6, ಸ್ಪಾಟ್ ಮೀಟರಿಂಗ್ ಇಟ್ಟುಕೊಂಡು, ಪ್ರಿಂಟ್ ನೋಡುವ ಜಾಗದಲ್ಲಿ ಖಾಲಿ ಕಾಗದ ಇಟ್ಟು, ಅದು ಫ್ರೇಮ್ ತುಂಬುವಂತೆ ಹಿಡಿದು, ಮೀಟರ್ ಸೊನ್ನೆಗೆ ಬರುವ ಶಟರ್ ವೇಗವನ್ನು ಬರೆದಿಟ್ಟುಕೊಳ್ಳಿ. 100 ನಿಟ್ ಕಾಗದಕ್ಕೆ ಅದು ಸೆಕೆಂಡಿನ 1/25 ಆಸುಪಾಸು ಬರುತ್ತದೆ. ಆಮೇಲೆ ಪರದೆ ಪೂರ್ತಿ ಬಿಳಿ ತುಂಬಿಸಿ, ಫೋಕಸ್ ತಪ್ಪಿಸಿ (ಇಲ್ಲದಿದ್ದರೆ ಪಿಕ್ಸೆಲ್‌ಗಳ ಗೆರೆ ಮೀಟರನ್ನು ಗಲಿಬಿಲಿ ಮಾಡಬಹುದು), ಅದೇ ವೇಗದಲ್ಲಿ ಮೀಟರ್ ಸೊನ್ನೆಗೆ ಬರುವವರೆಗೆ ಮಾನಿಟರಿನ ಬ್ರೈಟ್‌ನೆಸ್ ಇಳಿಸುತ್ತಾ ಹೋಗಿ. ಕ್ಯಾಮೆರಾದ ಒಂದು ಮೆಟ್ಟಿಲು ಒಂದು ಸ್ಟಾಪಿನ ಮೂರನೇ ಒಂದು ಭಾಗ, ಅಂದರೆ ಶೇ 26ರ ವ್ಯತ್ಯಾಸ. ಹಾಗಾಗಿ ಇದು ಕರಾರುವಾಕ್ಕಾದ ಅಳತೆಯಲ್ಲ. ಆದರೆ 300 ನಿಟ್ ಮಾನಿಟರ್ 100ರ ಹತ್ತಿರ ಬಂದರೇ "ಪ್ರಿಂಟ್ ಕಪ್ಪು" ಎಂಬ ದೂರಿನ ಬಹುಪಾಲು ಹೋಗುತ್ತದೆ.

## ಒಂದೇ ಬಿಳಿಯನ್ನು ಎರಡು ಸಲ ಕಳೆಯಬಾರದು

ಸಾಫ್ಟ್ ಪ್ರೂಫಿಂಗ್ ಬಲ್ಲವರೂ ಜಾರುವ ಜಾಗ ಇದು. ಫೋಟೋಶಾಪಿನ ಪ್ರೂಫ್ ಆಯ್ಕೆಗಳಲ್ಲಿ `Simulate Paper Color` ಎಂಬ ಚೌಕ ಇದೆ, ಲೈಟ್‌ರೂಮಿನಲ್ಲಿ `Simulate Paper & Ink`. ಇದನ್ನು ಟಿಕ್ ಮಾಡಿದಾಗ ಸಾಫ್ಟ್‌ವೇರ್ ಕಾಗದದ ಬಿಳಿಯನ್ನು ಅದರ ಬಣ್ಣದ ಅಳತೆಪಟ್ಟಿಯಾದ ಪ್ರೊಫೈಲಿನಿಂದ ಓದಿಕೊಂಡು ಅಷ್ಟು ಮಟ್ಟಿಗೆ ಪರದೆಯ ಬಿಳಿಯನ್ನು ಮಂಕಾಗಿಸುತ್ತದೆ. ಕಾಗದಕ್ಕೆ ತುಸು ಹಳದಿ ಛಾಯೆ ಇದ್ದರೆ ಅದನ್ನೂ ಸೇರಿಸುತ್ತದೆ. ಮಾನಿಟರಿನ ಬಿಳಿ ಎಂದರೆ ಬಿದ್ದ ಬೆಳಕನ್ನೆಲ್ಲ ಪ್ರತಿಫಲಿಸುವ ಆದರ್ಶ ಬಿಳಿ ಎಂದು ಅದರ ಲೆಕ್ಕ.

ಈಗ ಮೇಲಿನ ಉದಾಹರಣೆಯನ್ನೇ ನೋಡಿ. ಕಾಗದ 100 ನಿಟ್ ಎಂದು ಮಾನಿಟರನ್ನೂ 100ಕ್ಕೆ ತಂದಿದ್ದೀರಿ. ಆ ಚೌಕ ಟಿಕ್ ಮಾಡಿದ ಕೂಡಲೇ ಬಿಳಿ 90ಕ್ಕೆ ಇಳಿಯುತ್ತದೆ. ಕಾಗದ ನುಂಗುವ ಶೇ 10ನ್ನು ನೀವೊಮ್ಮೆ ಕಳೆದಿದ್ದಿರಿ, ಸಾಫ್ಟ್‌ವೇರ್ ಇನ್ನೊಮ್ಮೆ ಕಳೆಯಿತು. ಕಾಗದದ ಛಾಯೆಯನ್ನೂ ಕಣ್ಣಳತೆಯಲ್ಲಿ ಮಾನಿಟರಿಗೆ ತಂದಿದ್ದರೆ ಅದೂ ಎರಡು ಪಟ್ಟಾಗುತ್ತದೆ, ಪ್ರೂಫ್ ನಿಜವಾದ ಕಾಗದಕ್ಕಿಂತ ಹಳದಿಯಾಗಿ ಕಾಣುತ್ತದೆ.

ಆದ್ದರಿಂದ ಮೊದಲೇ ಒಂದು ದಾರಿ ಆರಿಸಿಕೊಳ್ಳಬೇಕು. ಕಾಗದದ ಅನುಕರಣೆ ಬಳಸದೆ ನೋಡುವವರು ಮಾನಿಟರನ್ನು ಕಾಗದದ ನಿಟ್‌ಗೇ ಇಡಲಿ, ನಮ್ಮ ಲೆಕ್ಕದಲ್ಲಿ 100. ಅನುಕರಣೆ ಬಳಸುವವರು ಪ್ರತಿಫಲನದ ಗುಣಕ ಬಿಟ್ಟು ಲೆಕ್ಕ ಹಾಕಲಿ: 350 ÷ 3.14, ಅಂದರೆ 111 ನಿಟ್. ಚೌಕ ಟಿಕ್ ಮಾಡಿದಾಗ ಅದು ತಾನಾಗಿ 100ಕ್ಕೆ ಬಂದು ನಿಲ್ಲುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಮೇಲು, ಏಕೆಂದರೆ ಕಾಗದ ಬದಲಾದಾಗ ಮಾನಿಟರ್ ಮುಟ್ಟಬೇಕಾಗಿಲ್ಲ. ಪ್ರೊಫೈಲ್ ಬದಲಿಸಿದರೆ ಸಾಕು.

ನಿಮ್ಮ ಕಾಗದದ ಪ್ರತಿಫಲನ ಎಷ್ಟು ಎಂಬುದು ಅದರ ಪ್ರೊಫೈಲಿನೊಳಗೇ ಇರುತ್ತದೆ. ಉಚಿತವಾದ ಆರ್ಗಿಲ್ ಸಿಎಂಎಸ್ ಹಾಕಿಕೊಂಡರೆ ಒಂದೇ ಸಾಲಿನಲ್ಲಿ ಕೇಳಬಹುದು. ಆರ್‌ಜಿಬಿ ಪ್ರಿಂಟರ್ ಪ್ರೊಫೈಲಿಗೆ:

```
echo 1 1 1 | xicclu -ff -ia -pl paper.icc
```

ಉತ್ತರದ ಕೊನೆಯಲ್ಲಿ ಬರುವ ಮೂರು ಅಂಕಿಗಳಲ್ಲಿ ಮೊದಲನೆಯದು ಕಾಗದದ ಬೆಳ್ಳಗಿನ ಮಟ್ಟ, ಉಳಿದೆರಡು ಅದರ ಛಾಯೆ. ಮೊದಲ ಅಂಕಿ 96 ಇದ್ದರೆ ಪ್ರತಿಫಲನ ಶೇ 90; 95 ಇದ್ದರೆ ಸುಮಾರು ಶೇ 88. ಮೂರನೆಯದು ಸೊನ್ನೆಗಿಂತ ಕಡಿಮೆ ಇದ್ದರೆ ಕಾಗದ ನೀಲಿಯತ್ತ, ಹೆಚ್ಚಿದ್ದರೆ ಹಳದಿಯತ್ತ.

## ಮಾನಿಟರಿನ ಸರದಿ

ಮಾನಿಟರನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ. ಬಿಸಿಯಾಗುವವರೆಗೆ ಅದರ ಬೆಳಕು ಸ್ಥಿರವಾಗಿರುವುದಿಲ್ಲ. ನಂತರ ತಾನಾಗಿ ಬೆಳಕು ಬದಲಿಸುವುದನ್ನೆಲ್ಲ ಆರಿಸಿ: ಆಟೊ ಬ್ರೈಟ್‌ನೆಸ್, ಡೈನಮಿಕ್ ಕಾಂಟ್ರಾಸ್ಟ್, ಇಕೊ ಮೋಡ್, ವಿಂಡೋಸಿನ ನೈಟ್ ಲೈಟ್ ಮತ್ತು ಎಚ್‌ಡಿಆರ್, ಮ್ಯಾಕಿನ ಟ್ರೂ ಟೋನ್ ಮತ್ತು ನೈಟ್ ಶಿಫ್ಟ್. ಇವುಗಳಲ್ಲಿ ಒಂದು ಉಳಿದುಕೊಂಡರೂ ಸಂಜೆ ಮಾಡಿದ ಕ್ಯಾಲಿಬ್ರೇಷನ್ ಬೆಳಿಗ್ಗೆ ಸುಳ್ಳಾಗುತ್ತದೆ.

ಬೆಳಕನ್ನು ಇಳಿಸಬೇಕಾದದ್ದು ಮಾನಿಟರಿನದೇ ಬ್ರೈಟ್‌ನೆಸ್ ಗುಂಡಿಯಿಂದ, ಏಕೆಂದರೆ ಅದು ಹಿಂದಿನ ದೀಪವನ್ನೇ ತಗ್ಗಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನ ಸಾಫ್ಟ್‌ವೇರಿನಲ್ಲಿ ಇಳಿಸಿದರೆ ದೀಪ ಹಾಗೆಯೇ ಉಳಿದು ಬಣ್ಣದ ಹಂತಗಳು ಕಡಿಮೆಯಾಗುತ್ತವೆ. ಆಕಾಶದಲ್ಲಿ ಪಟ್ಟೆಪಟ್ಟೆ ಕಾಣಲು ಶುರುವಾಗುವುದು ಹೀಗೆಯೇ. ಬ್ರೈಟ್‌ನೆಸ್ ಸೊನ್ನೆಗಿಳಿಸಿದರೂ ಬೇಕಾದ ನಿಟ್‌ಗೆ ಬಾರದ ಮಾನಿಟರುಗಳಿವೆ. ಅಂಥ ಕಡೆ ಕಾಗದದ ಮೇಲಿನ ದೀಪವನ್ನೇ ಹೆಚ್ಚಿಸುವುದು ಸರಿಯಾದ ದಾರಿ. ಆದರೆ ಆ ದೀಪದ ಬೆಳಕು ಪರದೆಯ ಮೇಲೆ ಬೀಳಬಾರದು.

ಇನ್ನು ಬಿಳಿಯ ಛಾಯೆ. ಮುದ್ರಣ ಲೋಕದ ಪ್ರಮಾಣ ಬೆಳಕು ಡಿ50, ಸುಮಾರು 5000 ಕೆಲ್ವಿನ್. ಮಾನಿಟರುಗಳ ವಾಡಿಕೆ ಡಿ65, ಅಂದರೆ 6500. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕೂಲ್ ಡೇಲೈಟ್ ಎಲ್‌ಇಡಿ ಟ್ಯೂಬೂ 6500 ಕೆಲ್ವಿನ್. ನೀವು ಅದರಡಿಯಲ್ಲೇ ಪ್ರಿಂಟ್ ನೋಡುವುದಾದರೆ ಮಾನಿಟರನ್ನು 5000ಕ್ಕೆ ಇಳಿಸುವುದರಲ್ಲಿ ಅರ್ಥವಿಲ್ಲ, ಪರದೆ ಅರಿಸಿನ ಬಳಿದಂತೆ ಕಾಣುತ್ತದೆ. 5000 ಕೆಲ್ವಿನ್ ದೀಪ ಹಾಕಿದವರಿಗೂ 5000 ಎಂದು ಅಳತೆ ತೋರಿಸುವ ಪರದೆ ಕಾಗದಕ್ಕಿಂತ ಹಳದಿ ಎನಿಸುವುದುಂಟು. ದೀಪ ಮತ್ತು ಪರದೆಯ ಬೆಳಕಿನ ಒಳರಚನೆ ಬೇರೆಬೇರೆಯಾದ್ದರಿಂದ ಉಪಕರಣಕ್ಕೆ ಒಂದೇ ಎನಿಸಿದ್ದು ಕಣ್ಣಿಗೆ ಹಾಗಿರುವುದಿಲ್ಲ. ಹಲವರು ಕೊನೆಗೆ 5500ರಿಂದ 6000ದ ನಡುವೆ ಎಲ್ಲೋ ನಿಲ್ಲುತ್ತಾರೆ.

ಇಲ್ಲಿ ಕಣ್ಣೇ ಕೊನೆಯ ತೀರ್ಪುಗಾರ. ಖಾಲಿ ಬಿಳಿ ಡಾಕ್ಯುಮೆಂಟ್ ತೆರೆದು, ಕಾಗದದ ಅನುಕರಣೆ ಆನ್ ಮಾಡಿ, ಪರದೆ ಪೂರ್ತಿ ತುಂಬಿಸಿ. ಪಕ್ಕದಲ್ಲಿ ಅದೇ ಕಾಗದದ ಖಾಲಿ ಹಾಳೆಯನ್ನು ದೀಪದಡಿ ಇಡಿ. ಒಂದು ಕ್ಷಣ ಪರದೆ, ಒಂದು ಕ್ಷಣ ಕಾಗದ ನೋಡುತ್ತಾ ಮಾನಿಟರಿನ ಕೆಂಪು, ಹಸಿರು, ನೀಲಿ ಗೇನ್‌ಗಳನ್ನು ತುಸುತುಸುವೇ ಇಳಿಸಿ ಎರಡೂ ಒಂದೇ ಎನಿಸುವಲ್ಲಿಗೆ ತನ್ನಿ. ಯಾವುದಾದರೂ ಒಂದು ಗೇನನ್ನು ಗರಿಷ್ಠದಲ್ಲೇ ಬಿಡಿ, ಇಲ್ಲದಿದ್ದರೆ ಬೆಳಕು ವ್ಯರ್ಥವಾಗುತ್ತದೆ. ಆಮೇಲೆ ಅನುಕರಣೆ ಆಫ್ ಮಾಡಿ, ಆ ಬಿಳಿಯನ್ನು ಕಲರಿಮೀಟರಿನಲ್ಲಿ ಅಳೆದು, ಬಂದ ನಿಟ್ ಮತ್ತು ಛಾಯೆಯನ್ನೇ ಗುರಿಯಾಗಿ ಕೊಟ್ಟು ಗಾಮಾ 2.2ರಲ್ಲಿ ಕ್ಯಾಲಿಬ್ರೇಷನ್ ಓಡಿಸಿ. ಈ ಅನುಕ್ರಮ ಮುಖ್ಯ. ಕ್ಯಾಲಿಬ್ರೇಷನ್ ಮುಗಿದ ಮೇಲೆ ಗುಂಡಿ ಮುಟ್ಟಿದರೆ ಮಾಡಿದ ಪ್ರೊಫೈಲ್ ಬೇರೊಂದು ಮಾನಿಟರಿನದು ಎಂದೇ ಲೆಕ್ಕ.

## ಪ್ರೊಫೈಲ್ ಎರಡು, ಅವುಗಳ ಜಾಗವೂ ಎರಡು

ಐಸಿಸಿ ಪ್ರೊಫೈಲ್ ಎಂದರೆ ಒಂದು ಉಪಕರಣ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂಬುದರ ಅಳತೆಪಟ್ಟಿ. ಸಾಫ್ಟ್ ಪ್ರೂಫಿಂಗ್‌ನಲ್ಲಿ ಇಂಥ ಎರಡು ಪ್ರೊಫೈಲ್ ಒಟ್ಟಿಗೆ ಕೆಲಸ ಮಾಡುತ್ತವೆ. ಕ್ಯಾಲಿಬ್ರೇಷನ್ ಕೊನೆಯಲ್ಲಿ ತಯಾರಾಗುವ ಮಾನಿಟರ್ ಪ್ರೊಫೈಲ್ ಆಪರೇಟಿಂಗ್ ಸಿಸ್ಟಮಿಗೆ ಸೇರಿದ್ದು. ಸಾಫ್ಟ್‌ವೇರ್ ಅದನ್ನು ತಾನಾಗಿ ಎತ್ತಿಕೊಳ್ಳುತ್ತದೆ, ನೀವು ಮತ್ತೆಲ್ಲೂ ಅದನ್ನು ಆರಿಸುವ ಅಗತ್ಯವಿಲ್ಲ. ಪ್ರಿಂಟರ್ ಮತ್ತು ಕಾಗದದ ಪ್ರೊಫೈಲ್ ಹೋಗುವುದು ಪ್ರೂಫ್ ಆಯ್ಕೆಗಳಲ್ಲಿ. ವಿಂಡೋಸಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Install Profile` ಒತ್ತಿದರೆ ಅದು ಈ ಫೋಲ್ಡರಿಗೆ ಸೇರುತ್ತದೆ:

```
C:\Windows\System32\spool\drivers\color
```

ಇವೆರಡು ಅದಲುಬದಲಾದರೆ ಲಕ್ಷಣ ತಕ್ಷಣ ಗೊತ್ತಾಗುತ್ತದೆ. ಕಾಗದದ ಪ್ರೊಫೈಲನ್ನು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಹಾಕಿದರೆ ಫೋಟೋಶಾಪಿನಲ್ಲಿ ಎಲ್ಲ ಚಿತ್ರಗಳ ಬಣ್ಣವೂ ಕೆಡುತ್ತದೆ, ಬಣ್ಣ ನಿರ್ವಹಣೆ ಇಲ್ಲದ ಬೇರೆ ಪ್ರೋಗ್ರಾಮಿನಲ್ಲಿ ಮಾತ್ರ ಚಿತ್ರ ಮಾಮೂಲಾಗಿ ಕಾಣುತ್ತದೆ.

## ಯಾವ ಪ್ರಿಂಟಿಗೆ ಯಾವ ಪ್ರೊಫೈಲ್?

ಪ್ರಿಂಟ್ ಪ್ರೊಫೈಲ್ ಒಬ್ಬರ ಅಳತೆಗೆ ಹೊಲಿದ ಅಂಗಿ ಇದ್ದಂತೆ. ಒಂದೇ ಕಂಪನಿಯ ಕಾಗದವಾದರೂ ಪ್ರಿಂಟರ್ ಮಾದರಿ, ಶಾಯಿ, ಕಾಗದದ ಬಗೆ, ಡ್ರೈವರಿನಲ್ಲಿ ಆರಿಸಿದ ಮೀಡಿಯಾ ಟೈಪ್, ಇವು ನಾಲ್ಕೂ ಹೊಂದಿದರೆ ಮಾತ್ರ ಅದು ಕೂರುತ್ತದೆ. ಕಾಗದದ ತಯಾರಕರು ತಮ್ಮ ಜಾಲತಾಣದಲ್ಲಿ ಪ್ರಿಂಟರ್ ಮಾದರಿಗೆ ತಕ್ಕಂತೆ ಪ್ರೊಫೈಲ್ ಇಟ್ಟಿರುತ್ತಾರೆ, ಜೊತೆಗೆ ಯಾವ ಮೀಡಿಯಾ ಟೈಪ್ ಆರಿಸಬೇಕೆಂದೂ ಬರೆದಿರುತ್ತಾರೆ. ಈ ಎರಡನೆಯ ಸಾಲನ್ನು ಓದದೆ ಬಿಡುವವರೇ ಹೆಚ್ಚು. ಮೀಡಿಯಾ ಟೈಪ್ ಎಂಬುದು ಬರೀ ಹೆಸರಲ್ಲ. ಎಷ್ಟು ಶಾಯಿ ಸುರಿಯಬೇಕು, ಮ್ಯಾಟ್ ಕಪ್ಪೋ ಫೋಟೊ ಕಪ್ಪೋ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸುವುದಾದರೆ ಅವರ ಪ್ರೊಫೈಲನ್ನು ಕೇಳಿ ಪಡೆಯಿರಿ. "ಫೈಲನ್ನು ಎಸ್‌ಆರ್‌ಜಿಬಿಯಲ್ಲಿ ಕಳಿಸಿ" ಎಂದು ಅವರು ಹೇಳಿದ್ದರೆ ಆ ಪ್ರೊಫೈಲನ್ನು ನೋಡಲು ಮಾತ್ರ ಬಳಸಿ, ಫೈಲನ್ನು ಅದಕ್ಕೆ ಕನ್ವರ್ಟ್ ಮಾಡಬೇಡಿ.

ಪುಸ್ತಕ, ಲಗ್ನಪತ್ರಿಕೆ, ಕ್ಯಾಲೆಂಡರಿನಂಥ ಆಫ್‌ಸೆಟ್ ಕೆಲಸದ ಕಥೆ ಬೇರೆ. ಅಲ್ಲಿ ಒಂದೊಂದು ಪ್ರೆಸ್ಸಿಗೆ ಪ್ರತ್ಯೇಕ ಪ್ರೊಫೈಲ್ ಇರುವುದು ಅಪರೂಪ, ಮುದ್ರಣದ ಸಾಮಾನ್ಯ ಮಟ್ಟಗಳಿಗೆ ತಯಾರಿಸಿದ ಪ್ರೊಫೈಲುಗಳನ್ನು ಬಳಸುತ್ತಾರೆ. ಆರ್ಟ್ ಪೇಪರಿಗೆ `PSO Coated v3` ಅಥವಾ ಅದಕ್ಕಿಂತ ಹಳೆಯ `ISO Coated v2`, ಮ್ಯಾಪ್‌ಲಿಥೋದಂಥ ಲೇಪನವಿಲ್ಲದ ಕಾಗದಕ್ಕೆ `PSO Uncoated v3`. ಫೋಟೋಶಾಪಿನ ಅಮೆರಿಕನ್ ಸೆಟ್ಟಿಂಗಿನಲ್ಲಿ ತಾನಾಗಿ ಬಂದು ಕೂರುವ `U.S. Web Coated (SWOP) v2` ಅಲ್ಲಿನ ರೀಲ್ ಮುದ್ರಣದ ನಿಯತಕಾಲಿಕಗಳಿಗೆ ಮಾಡಿದ್ದು. ಇಲ್ಲಿನ ಶೀಟ್ ಆಫ್‌ಸೆಟ್ ಕೆಲಸಕ್ಕೆ ಅದನ್ನೇ ಉಳಿಸಿಕೊಳ್ಳಲು ಕಾರಣವಿಲ್ಲ. ಯಾವುದು ಬೇಕೆಂದು ಪ್ರೆಸ್ಸಿನವರನ್ನು ಕೇಳಿ. ಅವರಿಗೂ ಖಚಿತವಿಲ್ಲದಿದ್ದರೆ ಅವರು ಈಗಾಗಲೇ ಮುದ್ರಿಸಿದ ಒಂದು ಹಾಳೆ ಮತ್ತು ಅದರ ಮೂಲ ಫೈಲ್ ಪಡೆದು, ಯಾವ ಪ್ರೊಫೈಲಿನ ಪ್ರೂಫ್ ಆ ಹಾಳೆಗೆ ಹತ್ತಿರ ಬರುತ್ತದೆ ಎಂದು ನೋಡಿಕೊಳ್ಳಬಹುದು.

`PSO Uncoated v3` ಆರಿಸಿ ಕಾಗದದ ಅನುಕರಣೆ ಹಾಕಿದರೆ ಪರದೆ ನೀಲಿಗಟ್ಟಿದಂತೆ ಕಾಣುತ್ತದೆ. ಕಾಗದವನ್ನು ಬೆಳ್ಳಗೆ ತೋರಿಸಲು ಬೆರೆಸುವ ಆಪ್ಟಿಕಲ್ ಬ್ರೈಟನರ್ ಎಂಬ ರಾಸಾಯನಿಕ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಆ ನೀಲಿಯೂ ಸೇರಿಯೇ ಪ್ರೊಫೈಲಿನ ಅಳತೆ ಆಗಿರುತ್ತದೆ. ಮನೆಯ ಎಲ್‌ಇಡಿ ದೀಪದಲ್ಲಿ ಅತಿನೇರಳೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಅದೇ ಕಾಗದ ನಿಮ್ಮ ಮೇಜಿನ ಮೇಲೆ ಅಷ್ಟು ನೀಲಿಯಾಗಿ ಕಾಣುವುದಿಲ್ಲ, ಕಿಟಕಿಯ ಬೆಳಕಿಗೆ ಹಿಡಿದಾಗ ಕಾಣುತ್ತದೆ.

## ಒಂದು ಯಕ್ಷಗಾನ ಚಿತ್ರ, ಮ್ಯಾಟ್ ಕಾಗದದ ಮೇಲೆ

ರಾತ್ರಿ ಆಟದ ಫೋಟೊ ಒಂದನ್ನು ಮ್ಯಾಟ್ ಹತ್ತಿ ಕಾಗದಕ್ಕೆ ಹಾಕಬೇಕಿದೆ ಎನ್ನಿ. ಹಿಂದೆ ಕತ್ತಲು, ನಡುವೆ ಕೆಂಪು ದಗಲೆಯ ವೇಷ, ಕಪ್ಪು ಗಡ್ಡ, ಮಿನುಗುವ ಕಿರೀಟ. ಮೇಜಿನ ಬೆಳಕು 350 ಲಕ್ಸ್, ಮಾನಿಟರ್ 111 ನಿಟ್. ಫೋಟೋಶಾಪಿನಲ್ಲಿ `View > Proof Setup > Custom` ತೆರೆದು, `Device to Simulate` ಎಂಬಲ್ಲಿ ಕಾಗದದ ಪ್ರೊಫೈಲ್ ಆರಿಸಿ. `Preserve Numbers` ಟಿಕ್ ಇದ್ದರೆ ತೆಗೆಯಿರಿ. ಅದು ಕನ್ವರ್ಟ್ ಮಾಡದೆ ಪ್ರಿಂಟ್ ಹಾಕಿದರೆ ಹೇಗೆ ಬರುತ್ತದೆ ಎಂದು ತೋರಿಸುತ್ತದೆ, ನಮಗೆ ಬೇಕಾದದ್ದು ಅದಲ್ಲ. `Black Point Compensation` ಇರಲಿ.

`Simulate Paper Color` ಟಿಕ್ ಮಾಡುವಾಗ ಪರದೆಯಿಂದ ಕಣ್ಣು ಆಚೆ ತಿರುಗಿಸಿ. ಹೇಳಿದ್ದು ವಿಚಿತ್ರ ಎನಿಸಬಹುದು, ಆದರೆ ಚಿತ್ರ ಕಣ್ಣೆದುರೇ ಕಳೆಗುಂದುವುದನ್ನು ನೋಡಿದವರು ಅದು ಕೆಟ್ಟಿತೆಂದೇ ತೀರ್ಮಾನಿಸಿಬಿಡುತ್ತಾರೆ. ಮೆನು, ಪ್ಯಾನೆಲ್‌ಗಳ ಅಪ್ಪಟ ಬಿಳಿ ಅಕ್ಷರಗಳೂ ಕಣ್ಣನ್ನು ಹಳೆಯ ಬಿಳಿಗೇ ಕಟ್ಟಿಹಾಕುತ್ತವೆ. `F` ಒತ್ತಿ ಪೂರ್ಣ ಪರದೆಗೆ ಹೋಗಿ, ಚಿತ್ರದ ಸುತ್ತ ಕ್ಯಾನ್ವಾಸ್ ಹಿಗ್ಗಿಸಿ ಎರಡು ಬೆರಳಗಲ ಬಿಳಿ ಅಂಚು ಕೊಡಿ. ಅರ್ಧ ನಿಮಿಷದಲ್ಲಿ ಆ ಅಂಚೇ ಕಣ್ಣಿಗೆ ಕಾಗದದ ಬಿಳಿಯಾಗುತ್ತದೆ.

ಈಗ ಮೊದಲು ಕಣ್ಣಿಗೆ ಬೀಳುವುದು ಕತ್ತಲು. ಮ್ಯಾಟ್ ಕಾಗದದ ಅತಿ ಗಾಢ ಕಪ್ಪು ಕೂಡ ಬಿದ್ದ ಬೆಳಕಿನ ಶೇ 2ರಷ್ಟನ್ನು ವಾಪಸ್ಸು ಕೊಡುತ್ತದೆ. ಕಾಗದದ ಬಿಳಿ ಶೇ 90, ಅಂದರೆ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು 45 ಪಟ್ಟು. ಮಾನಿಟರಿನಲ್ಲಿ ಅದು ಸಾಮಾನ್ಯವಾಗಿ 1000 ಪಟ್ಟು. ಪರದೆಯಲ್ಲಿ ಗಡ್ಡದ ಎಳೆಎಳೆ ಬಿಡಿಸಿ ತೋರುತ್ತಿದ್ದದ್ದು ಪ್ರೂಫಿನಲ್ಲಿ ಬೂದು ಮಿಶ್ರಿತ ಒಂದೇ ತೇಪೆಯಾಗಿರುತ್ತದೆ. ಕರ್ವ್ಸ್ ಲೇಯರ್ ಹಾಕಿ ನೆರಳಿನ ಭಾಗವನ್ನಷ್ಟೇ ತುಸು ಎತ್ತಿದರೆ ಎಳೆಗಳು ಮರಳುತ್ತವೆ. ಇಡೀ ಚಿತ್ರವನ್ನು ಬೆಳ್ಳಗೆ ಮಾಡುವ ಅಗತ್ಯ ಬೀಳುವುದಿಲ್ಲ.

ಆಮೇಲೆ ದಗಲೆ. ಅಷ್ಟು ಗಾಢ ಕೆಂಪು ಮ್ಯಾಟ್ ಕಾಗದದ ಕೈಗೆಟುಕದು. `Rendering Intent` ಪಟ್ಟಿಯಲ್ಲಿ `Relative Colorimetric` ಆರಿಸಿದರೆ ಎಟುಕದ ಕೆಂಪುಗಳೆಲ್ಲ ಅಂಚಿಗೆ ಬಂದು ಒಂದರ ಮೇಲೊಂದು ಕೂರುತ್ತವೆ; ಬಟ್ಟೆಯ ನಿರಿಗೆ ಮಾಯವಾಗುತ್ತದೆ. `Perceptual` ಎಲ್ಲ ಬಣ್ಣಗಳನ್ನೂ ಸ್ವಲ್ಪಸ್ವಲ್ಪ ಒಳಕ್ಕೆ ಸರಿಸುವುದರಿಂದ ನಿರಿಗೆ ಉಳಿಯುತ್ತದೆ, ಒಟ್ಟು ರಂಗು ಮಾತ್ರ ಒಂದು ಮಟ್ಟ ಇಳಿಯುತ್ತದೆ. ಎರಡನ್ನೂ ಬದಲಿಸಿ ನೋಡಿ ಈ ಚಿತ್ರಕ್ಕೆ ಯಾವುದು ಸರಿ ಎಂದು ಆರಿಸಿ, ಪ್ರಿಂಟ್ ಕಳಿಸುವಾಗಲೂ ಅದನ್ನೇ ಇಡಿ. `Gamut Warning` ಎಟುಕದ ಬಣ್ಣಗಳ ಮೇಲೆ ಬೂದು ಬಳಿದು ತೋರಿಸುತ್ತದೆ ನಿಜ, ಆದರೆ ಕೂದಲೆಳೆಯಷ್ಟು ಆಚೆ ಇದ್ದರೂ ಗಾವುದ ದೂರ ಇದ್ದರೂ ಒಂದೇ ಬೂದು. ಅದನ್ನು ಅಳಿಸಲೆಂದೇ ರಂಗು ಇಳಿಸುತ್ತಾ ಹೋದರೆ ಬದುಕಬಹುದಾಗಿದ್ದ ಕೆಂಪೂ ಸಾಯುತ್ತದೆ.

ಪ್ರಿಂಟ್ ವಿಂಡೋದಲ್ಲಿ `Photoshop Manages Colors` ಆರಿಸಿ, ಅದೇ ಪ್ರೊಫೈಲ್ ಕೊಟ್ಟು, ಡ್ರೈವರಿನ ಬಣ್ಣ ತಿದ್ದುಪಡಿಯನ್ನು ಪೂರ್ತಿ ಆಫ್ ಮಾಡಿ.

## ಆದರೂ ಹೊಂದದಿದ್ದರೆ

ಬಂದ ಪ್ರಿಂಟನ್ನು ಒಂದು ದಿನ ಒಣಗಲು ಬಿಟ್ಟು, ಅದೇ ದೀಪದಡಿ ಪ್ರೂಫಿನ ಪಕ್ಕ ಇಡಿ. ಬಿಳಿ ಅಂಚಿನಿಂದ ಹಿಡಿದು ಇಡೀ ಚಿತ್ರ ಒಂದೇ ಸಮ ಕಪ್ಪಾಗಿದ್ದರೆ ಮಾನಿಟರ್ ಇನ್ನೂ ಹೆಚ್ಚು ಬೆಳಗುತ್ತಿದೆ, ಅಥವಾ ದೀಪದ ಬೆಳಕು ಅಳೆದಾಗ ಇದ್ದಷ್ಟು ಈಗ ಇಲ್ಲ. ನೆರಳುಗಳು ಮಾತ್ರ ಮುಚ್ಚಿಹೋಗಿದ್ದರೆ ಮೀಡಿಯಾ ಟೈಪ್ ನೋಡಿ, ಶಾಯಿ ಹೆಚ್ಚು ಬಿದ್ದಿರುತ್ತದೆ. ಎಲ್ಲೆಡೆ ಕೆನ್ನೇರಳೆ ಛಾಯೆ ಬಂದಿದ್ದರೆ ಡ್ರೈವರ್ ಮತ್ತು ಫೋಟೋಶಾಪ್ ಎರಡೂ ಬಣ್ಣ ತಿದ್ದಿವೆ ಎಂದು ಶಂಕಿಸಬಹುದು. ಪ್ರಿಂಟಿನ ಬೂದು ಬೂದಾಗಿಯೇ ಇದ್ದು ಪರದೆಯ ಬೂದಿನಲ್ಲಿ ಬಣ್ಣ ಕಾಣುತ್ತಿದ್ದರೆ ಮಾನಿಟರ್ ಪ್ರೊಫೈಲ್ ಹಳತಾಗಿದೆ. ತಿಂಗಳಿಗೊಮ್ಮೆ ಹೊಸದು ಮಾಡಿಕೊಳ್ಳುವುದು ಒಳ್ಳೆಯದು. ಬಣ್ಣ, ಬೆಳಕು ಎರಡೂ ಹೊಂದಿ, ಪರದೆ ಮಾತ್ರ ಇನ್ನೂ ಹೆಚ್ಚು ಜೀವಂತ ಎನಿಸಿದರೆ ಪ್ರೂಫ್ ಆನ್ ಇದೆಯೇ ಎಂದು ವಿಂಡೋದ ಶೀರ್ಷಿಕೆ ಪಟ್ಟಿಯಲ್ಲಿ ನೋಡಿ. ಆನ್ ಇದ್ದಾಗ ಫೈಲಿನ ಹೆಸರಿನ ಮುಂದೆ ಪ್ರೊಫೈಲಿನ ಹೆಸರೂ ಕಾಣುತ್ತದೆ. `Ctrl+Y` ಗೊತ್ತಿಲ್ಲದೆ ಒತ್ತಿದರೂ ಅದು ಆಫ್ ಆಗಿಬಿಡುತ್ತದೆ.